ಮಾತು ಬಿಟ್ಟ ಇಬ್ಬರ ನಡುವೆ

ಒಂದೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟರೆ ಅಂಗಳದ ನಡುವೆ ಒಂದು ಗೋಡೆ ಎಬ್ಬಿಸಿಕೊಂಡು ಬದುಕುತ್ತಾರೆ. ನೋಡುವವರಿಗೆ ಅದು ಚೆಂದವಲ್ಲವಾದರೂ ಬದುಕಂತೂ ಸಾಗುತ್ತದೆ. ಆದರೆ ಒಂದೇ ಕೆಲಸಕ್ಕೆ ಕೈ ಹಾಕಿದ ಇಬ್ಬರು ಮಾತು ಬಿಟ್ಟರೆ ಗೋಡೆಯನ್ನು ಎಲ್ಲಿ ಹಾಕುವುದು? ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಕೆಲಸ ದಾಟುವ ಜಾಗದಲ್ಲಿಯೇ ಗೋಡೆ ಏಳುತ್ತದೆ. ಹಾಗೆ ಎದ್ದಮೇಲೆ ಕೆಲಸ ನಿಲ್ಲುತ್ತದೆ, ಇಲ್ಲವೆ ಸುತ್ತುದಾರಿ ಹಿಡಿದು ಕೆಡುತ್ತದೆ. ಇಂಥ ಇಬ್ಬರ ನಡುವೆ ಮಧ್ಯಸ್ಥನಾಗಿ ಕೂತವನು ಅವರಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದು ಬಹುಕಾಲದಿಂದ ನನ್ನ ಮನಸ್ಸಿನಲ್ಲಿರುವ ಪ್ರಶ್ನೆ. ಒಮ್ಮೆ ನಾನೇ ಆ ಜಾಗದಲ್ಲಿ ಕೂತು, ಮೊದಲು ಸೋತು, ಆಮೇಲೆ ಅರ್ಧ ಗೆದ್ದ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಂದೂವರೆ ಮೈಲಿ ಒಳಗೆ ನಾನು ಬಹುವರ್ಷ ಮೇಷ್ಟರಾಗಿದ್ದ ಹಳ್ಳಿ. ಹೆಸರು ಬೇಡ. ತೆಂಗು, ರಾಗಿ, ಮನೆಗೊಂದೋ ಎರಡೋ ಹಸು, ಅಂಥ ಊರು. ಅಲ್ಲಿ ಹಾಲಿನ ಸಹಕಾರ ಸಂಘವೊಂದಿತ್ತು. ಊರವರ ಬಾಯಲ್ಲಿ ಅದು ‘ಡೈರಿ’. ಹಂಚಿನ ಕಟ್ಟಡದ ಒಂದು ಕೋಣೆ, ನಾಲ್ಕಾರು ಕ್ಯಾನು, ಒಂದು ಮೇಜು. ಅಲ್ಲಿ ಕೆಲಸ ಮಾಡುತ್ತಿದ್ದವರು ಮೂವರು: ಹಾಲು ಅಳೆದು ಲೆಕ್ಕ ಬರೆಯುವ ಕಾರ್ಯದರ್ಶಿ, ಹಾಲಿನ ಕೊಬ್ಬಿನಂಶ ನೋಡುವ ಪರೀಕ್ಷಕ, ಕ್ಯಾನು ತೊಳೆದು ಎತ್ತಿಡುವ ಒಬ್ಬ ಹುಡುಗ. ಮೊದಲಿಬ್ಬರೂ ನನ್ನ ಶಿಷ್ಯರೇ. ಕಾರ್ಯದರ್ಶಿ ಐದಾರು ವರ್ಷ ದೊಡ್ಡವನು. ಮಾತುಗಾರ, ಊರಿಗೆ ಬೇಕಾದವನು. ಪರೀಕ್ಷಕ ಕಡಿಮೆ ಮಾತಿನವನು; ಕೆಲಸ ಅಚ್ಚುಕಟ್ಟು, ಕೋಪ ಆಳ.

ಅವರಿಬ್ಬರೂ ಮಾತು ಬಿಟ್ಟದ್ದು ೧೯೮೮ರ ಸರ್ವಸದಸ್ಯರ ಸಭೆಯ ದಿನ. ನನ್ನನ್ನು ಕರೆದದ್ದು ಮೂರು ವರ್ಷ ಕಳೆದಮೇಲೆ. ಆ ಮೂರು ವರ್ಷವೂ ಇಬ್ಬರೂ ದಿನಕ್ಕೆರಡು ಬಾರಿ ಒಂದೇ ಸೂರಿನ ಕೆಳಗೆ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಪರೀಕ್ಷಕ ಬಾಗಿಲ ಬಳಿ ಒಂದು ಹಲಗೆ ಹಾಕಿಕೊಂಡು ಅಲ್ಲಿಯೇ ತನ್ನ ಕೆಲಸ ಮಾಡುತ್ತಿದ್ದ. ನೋಡಿದ್ದನ್ನು ಚೀಟಿಯಲ್ಲಿ ಬರೆದು ಹುಡುಗನ ಕೈಗೆ ಕೊಡುತ್ತಿದ್ದ; ಹುಡುಗ ಅದನ್ನು ಒಳಗೆ ಮೇಜಿನ ಮೇಲಿಡುತ್ತಿದ್ದ. ಚೀಟಿ ಒದ್ದೆಯಾಗುವುದು, ಒಂದರ ಬದಲು ಇನ್ನೊಂದು ಮೇಲೆ ಬರುವುದು, ೪.೧ ಎಂಬುದು ೩.೧ ಆಗಿ ಕಾಣುವುದು ಎಲ್ಲ ನಡೆದಿತ್ತು. ಒಂದೇ ಹಸುವಿನ ಹಾಲು ಮಾರಿ ಬದುಕುವ ಒಬ್ಬ ಅಜ್ಜಿ ಬಟವಾಡೆಯ ದಿನ ತನ್ನ ಪಾಸ್‌ಪುಸ್ತಕ ಹಿಡಿದು, “ನಮ್ಮ ಗೌರಿ ಹಾಲು ಇಷ್ಟು ತೆಳ್ಳಗೆ ಎಂದಾಯ್ತು ಮಗ?” ಎಂದು ಕೇಳಿದಾಗ ಕಾರ್ಯದರ್ಶಿ ಬಾಗಿಲ ಕಡೆ ಕೈ ತೋರಿಸಿದ, ಪರೀಕ್ಷಕ ಮೇಜಿನ ಕಡೆ ತೋರಿಸಿದ. ಅಜ್ಜಿ ಎರಡೂ ಕಡೆ ನೋಡಿ ನನ್ನ ಮನೆಗೆ ಬಂದಳು. ಸಂಘದ ಅಧ್ಯಕ್ಷರೂ ಅದೇ ವಾರ ಬಂದರು. ಹೀಗೆ ನಾನು ಮಧ್ಯಸ್ಥನಾದೆ.

ಮೊದಲ ಸಲ ನಾನು ಮಾಡಿದ್ದು ನಮ್ಮ ಕಡೆ ಎಲ್ಲರೂ ಮಾಡುವುದನ್ನೇ. ಊರ ಹಿರಿಯರು ನಾಲ್ವರನ್ನು ಕರೆದು ದೇವಸ್ಥಾನದ ಜಗಲಿಯ ಮೇಲೆ ಇಬ್ಬರನ್ನೂ ಕೂರಿಸಿದೆವು. ಆದದ್ದು ಆಯಿತು, ಒಂದೇ ಊರಿನ ಮಕ್ಕಳು, ಹೊಟ್ಟೆಗೆ ಹಾಕಿಕೊಳ್ಳಿ ಎಂದೆವು. ಇಬ್ಬರೂ ತಲೆ ತಗ್ಗಿಸಿ ಕೂತಿದ್ದರು. ಎಲೆ ಅಡಿಕೆ ಬದಲಾಯಿಸಿದರು. ನಾನು ಇಬ್ಬರ ಕೈಯನ್ನೂ ಹಿಡಿದು ಒಂದರ ಮೇಲೊಂದು ಇಟ್ಟೆ. ಹಿರಿಯರೊಬ್ಬರ ಕಣ್ಣಲ್ಲಿ ನೀರು ಬಂತು. ಬಹಳ ಒಳ್ಳೆಯ ಕೆಲಸ ಮಾಡಿದೆನೆಂದು ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಹನ್ನೊಂದು ದಿನ ಕಳೆದಿತ್ತು; ಮತ್ತೆ ಚೀಟಿ ಶುರುವಾಯಿತು. ಈ ಸಲ ಪರೀಕ್ಷಕ ನನ್ನ ಜೊತೆಯೂ ಮಾತು ಕಡಿಮೆ ಮಾಡಿದ.

ಸೋತ ಮಧ್ಯಸ್ಥನಿಗೆ ಊರಲ್ಲಿ ಮುಖವೆತ್ತಿ ನಡೆಯುವುದು ಕಷ್ಟ. ಆ ಭಾನುವಾರ ನಾನು ಬಸ್ಸು ಹತ್ತಿ ಹಳೇಬೀಡಿಗೆ ಹೋದೆ, ಅಲ್ಲಿಂದ ಬೇಲೂರಿಗೂ ಹೋದೆ. ಹೆಚ್ಚು ದೂರವೇನಲ್ಲ, ಹಳೇಬೀಡಿಗೂ ಬೇಲೂರಿಗೂ ನಡುವೆ ಹದಿನಾರು ಕಿಲೋಮೀಟರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಎಷ್ಟೋ ಸಲ ಹೋಗಿ, ತೋರಿಸಬೇಕಾದ್ದನ್ನು ತೋರಿಸಿ ಬಂದಿದ್ದೆ. ಆ ದಿನ ಮಾತ್ರ ನೋಡಿದ್ದರ ಮೇಲೆಲ್ಲ ನನ್ನ ಡೈರಿಯ ನೆರಳು ಬಿದ್ದಿತ್ತು.

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ೧೧೧೭ರಲ್ಲಿ ಆದದ್ದು. ಅದರ ಮದನಿಕೆಯರನ್ನು ಕಂಡು ಬೆರಗಾಗದವರಿಲ್ಲ. ಆದರೆ ಆ ವಿಗ್ರಹಗಳ ಕೆಳಗೆ ಕೆತ್ತಿರುವ ರೂವಾರಿಗಳ ಹೆಸರುಗಳನ್ನು ಓದುವವರು ಕಡಿಮೆ. ಬಳ್ಳಿಗಾವಿಯ ದಾಸೋಜ ಅಲ್ಲಿದ್ದಾನೆ, ಅವನ ಮಗ ಚಾವಣನಿದ್ದಾನೆ, ಗದುಗಿನ ಕಡೆಯ ನಾಗೋಜನಿದ್ದಾನೆ. ಹೆಸರಿನ ಜೊತೆಗೆ ಬಿರುದುಗಳು. ಚಾವಣನು ಬಿರುದು ಹೊತ್ತ ರೂವಾರಿಗಳೆಂಬ ಮನ್ಮಥನಿಗೆ ಶಿವನಂತೆ. ನಾಗೋಜನು ಅಂಥ ರೂವಾರಿಗಳೆಂಬ ಬೆಟ್ಟಕ್ಕೆ ಸಿಡಿಲಂತೆ. ಯೋಚಿಸಿ ನೋಡಿ: ಎದುರಾಳಿಯನ್ನು ಸುಟ್ಟುಬಿಡುವೆನೆಂಬವನೂ ಪುಡಿಮಾಡುವೆನೆಂಬವನೂ ಒಂದೇ ಗುಡಿಯ ಒಂದೇ ಸೂರಿನ ಕೆಳಗೆ ಕೆಲಸ ಮಾಡಿ, ಒಂದೇ ಅರಸನಿಂದ ಕೂಲಿ ಪಡೆದಿದ್ದಾರೆ. ಬಿರುದೆಂದಮೇಲೆ ಸ್ವಲ್ಪ ಬಡಾಯಿ ಇದ್ದೇ ಇರುತ್ತದೆ ಎನ್ನಿ. ಆದರೂ ಇವರು ಒಬ್ಬರನ್ನೊಬ್ಬರು ಕಂಡರೆ ಕರಗಿ ನೀರಾಗುತ್ತಿದ್ದ ಸ್ನೇಹಿತರೆಂದು ಹೇಳುವಂತಿಲ್ಲ.

ಅಲ್ಲಿ ಗುಡಿಯ ಕೆಲಸ ಹೇಗೆ ಸಾಗಿತು ಎಂದರೆ, ಮದನಿಕೆ ಬಿಡಿಯಾದ ಕೆಲಸ. ಪ್ರತ್ಯೇಕವಾಗಿ ಕೆತ್ತಿ, ಮುಗಿದಮೇಲೆ ತಂದು ಕಂಬದ ತಲೆಗೂ ಸೂರಿಗೂ ನಡುವೆ ಅದರ ಗೂಡಿನಲ್ಲಿ ಓರೆಯಾಗಿ ಕೂರಿಸುವಂಥದು. ಚಾವಣನ ಉಳಿ ಎಲ್ಲಿ ಮುಗಿಯುತ್ತದೆ, ನಾಗೋಜನದು ಎಲ್ಲಿ ಶುರುವಾಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಕೆಳಗೆ ಹೆಸರೂ ಇದೆ. ಹೊಗಳಿಕೆಯೂ ದೂರೂ ಯಾರಿಗೆ ಸೇರಬೇಕೋ ಅವರಿಗೇ ಸೇರುತ್ತದೆ. ಇಂಥ ಕೆಲಸವಾದರೆ ಮಧ್ಯಸ್ಥನು ಮಾಡಬೇಕಾದದ್ದು ಇಷ್ಟೆ: ಇಬ್ಬರಿಗೂ ಬೇರೆ ಬೇರೆ ಕಲ್ಲು ಕೊಡುವುದು. ಅವರನ್ನು ಒಂದುಮಾಡಲು ಹೊರಡುವುದು ಬೇಡದ ಕೆಲಸ. ಅದು ಮಧ್ಯಸ್ಥನ ಆಸೆಯೇ ಹೊರತು ಕೆಲಸದ ಅಗತ್ಯವಲ್ಲ. ಊರಿಗೆ ಹಿಂದಿರುಗುವಾಗ ನಾನು ನನ್ನನ್ನು ಕೇಳಿಕೊಂಡೆ: ಡೈರಿಯ ಕೆಲಸ ಮದನಿಕೆಯೋ, ಗೋಡೆಯೋ? ಒಬ್ಬನಿಗೆ ಬೆಳಗಿನ ಸರದಿ, ಒಬ್ಬನಿಗೆ ಸಂಜೆಯದು ಎಂದು ಹಂಚಬಹುದೆ? ಆಗುವುದಿಲ್ಲ. ಲೀಟರೂ ಕೊಬ್ಬೂ ಒಂದೇ ಪಾಸ್‌ಪುಸ್ತಕದ ಒಂದೇ ಸಾಲಿನಲ್ಲಿ ಸೇರಿದರೇ ಅಜ್ಜಿಗೆ ದುಡ್ಡು. ಅದು ಗೋಡೆಯ ಕೆಲಸ. ಒಬ್ಬನ ಕಲ್ಲಿನ ಮೇಲೆ ಇನ್ನೊಬ್ಬನ ಕಲ್ಲು ಕೂರಬೇಕು.

ಹಳೇಬೀಡಿನಲ್ಲಿ ಕಂಡದ್ದು ಇನ್ನೂ ಹತ್ತಿರದ ಮಾತು. ಅಲ್ಲಿನ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿ ಇದೆ. ಮುಖ ಕಾಣುವಂತೆ ನುಣುಪಾದ ಕರಿಗಲ್ಲಿನ ಕಂಬಗಳಿಗೆ ಹೆಸರಾದದ್ದು. ೧೬೩೮ರ ಒಂದು ಶಾಸನ ಆ ಬಸದಿಯ ಒಂದು ಜಗಳದ ತೀರ್ಮಾನವನ್ನು ಹೇಳುತ್ತದೆ. ಹುಚ್ಚಪ್ಪದೇವನೆಂಬ ವೀರಶೈವನು ಬಸದಿಯ ಕಂಬದ ಮೇಲೆ ಲಿಂಗಮುದ್ರೆ ಒತ್ತಿದ. ಜೈನರ ಕಡೆಯಿಂದ ಅದನ್ನು ಅಳಿಸಲಾಯಿತು. ಬೆಂಕಿ ಹೊತ್ತಿಕೊಳ್ಳಲು ಇನ್ನೇನು ಬೇಕು? ಬೇಲೂರಿನ ನಾಯಕರ ಆಳ್ವಿಕೆಯ ಕಾಲ. ಜೈನ ಮುಖ್ಯಸ್ಥರು ಹೋಗಿ ದೂರಿಕೊಂಡರು. ವೀರಶೈವ ಹಿರಿಯರು ಕೂಡಿ ತೀರ್ಮಾನ ಕೊಟ್ಟರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆಮೇಲೆ ಜೈನರು ತಮ್ಮ ಪದ್ಧತಿಯಂತೆ ಪಾರ್ಶ್ವನಾಥನ ಪೂಜೆಯನ್ನೆಲ್ಲ ನಡೆಸಿಕೊಳ್ಳಬೇಕು ಎಂಬುದು ಅದರ ಸಾರ. ಇದಕ್ಕೆ ಅಡ್ಡಿ ಮಾಡುವ ಶೈವನು ತನ್ನ ಶಿವನಿಗೇ, ತನ್ನ ವಿಭೂತಿ ರುದ್ರಾಕ್ಷಿಗಳಿಗೇ ದ್ರೋಹಿ ಎಂದೂ ಕಲ್ಲಿನಲ್ಲಿ ಬರೆಸಿದರು.

ಆ ಕಲ್ಲಿನ ಮಾತಿನಲ್ಲಿ ಎರಡು ವಿಷಯ ನನ್ನನ್ನು ಹಿಡಿದು ನಿಲ್ಲಿಸಿದವು. ಮೊದಲನೆಯದು, ಯಾರೂ ಯಾರನ್ನೂ ಪ್ರೀತಿಸಬೇಕೆಂದು ಅಲ್ಲಿ ಹೇಳಿಲ್ಲ. ಮೊದಲು ಯಾವುದು, ಆಮೇಲೆ ಯಾವುದು ಎಂದಷ್ಟೇ ಹೇಳಿದೆ. ನಾನು ದೇವಸ್ಥಾನದ ಜಗಲಿಯಲ್ಲಿ ಹೃದಯವನ್ನು ಕೇಳಿದ್ದೆ. ಆ ಹಿರಿಯರು ಕೇಳಿದ್ದು ಕ್ರಮವನ್ನು. ಹೃದಯ ಕೊಟ್ಟೆನೆಂದು ಹೇಳಿದವನು ಕೊಟ್ಟನೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಕ್ರಮ ತಪ್ಪಿದರೆ ದಾರಿಹೋಕನಿಗೂ ಕಾಣುತ್ತದೆ. ಎರಡನೆಯದು, ಮುರಿಯುವವನಿಗೆ ಬೆದರಿಕೆ ಬಂದದ್ದು ಎದುರುಪಕ್ಷದಿಂದಲ್ಲ, ತನ್ನವರಿಂದಲೇ. ನಮ್ಮವನು ಮುರಿದರೆ ನಮ್ಮವನೇ ಅಲ್ಲ ಎಂದು ಬಲವಿದ್ದ ಪಕ್ಷವೇ ತನ್ನವರಿಗೆ ಹೇಳಿತು.

ಆದರೆ ಆ ತೀರ್ಮಾನದಲ್ಲಿ ಒಂದು ಮುಳ್ಳೂ ಇದೆ. ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ತಮ್ಮದೇ ಬಸದಿಯಲ್ಲಿ, ತಮ್ಮದಲ್ಲದ ಆಚಾರವನ್ನು ಮೊದಲು ಸಲ್ಲಿಸಬೇಕಾಗಿ ಬಂದದ್ದು ಜೈನರಿಗೆ. ಕಂಬದ ಮೇಲೆ ಮೊದಲು ಮುದ್ರೆ ಒತ್ತಿದವರು ಅವರಲ್ಲ. ಶಾಂತಿ ಬಂತು, ಅದರ ಬೆಲೆಯ ಹೆಚ್ಚು ಪಾಲನ್ನು ಬಲ ಕಡಿಮೆಯಿದ್ದವರು ತೆತ್ತರು. ಸಂಧಾನ ಎಂಬ ಮಾತು ಕೇಳಿದಾಗಲೆಲ್ಲ ಬೆಲೆ ತೆತ್ತವರು ಯಾರು ಎಂದು ಕೇಳಬೇಕೆಂಬ ಬುದ್ಧಿ ನನಗೆ ಬಂದದ್ದು ಆ ಬಸದಿಯ ಮೆಟ್ಟಿಲ ಮೇಲೆ. ಏಕೆಂದರೆ ನನ್ನ ಜಗಲಿಯ ಪಂಚಾಯಿತಿಯಲ್ಲಿ ‘ಆದದ್ದು ಆಯಿತು’ ಎಂದಾಗ, ಏನಾಗಿತ್ತು ಎಂದು ನಾನು ಕೇಳಿಯೇ ಇರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ; ನನಗೆ ಗೊತ್ತಿತ್ತು.

ಎರಡನೆಯ ಸಲ ನಾನು ಇಬ್ಬರನ್ನೂ ಕೂಡಿಸಲಿಲ್ಲ. ಒಬ್ಬೊಬ್ಬನ ಮನೆಗೂ ಬೇರೆಬೇರೆ ದಿನ ಹೋದೆ. ನೀನು ಹೇಳಿದ್ದನ್ನು ನೀನು ಒಪ್ಪದೆ ಅವನ ಕಿವಿಗೆ ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಹಾಲು ಹಾಕುವವರ ದುಡ್ಡಿನ ವಿಷಯ ಮಾತ್ರ ಮುಚ್ಚಿಡುವುದಿಲ್ಲ ಎಂದೂ ಹೇಳಿದೆ. ‘ಅವನದು ಏನು ತಪ್ಪು’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಮೂರು ವರ್ಷದ ಪುರಾಣ ಬರುತ್ತದೆ, ಅದನ್ನು ಇಬ್ಬರೂ ಬಾಯಿಪಾಠ ಮಾಡಿಟ್ಟಿರುತ್ತಾರೆ. “ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಲಾರಿ ಹೋಗುವತನಕ ನಿನ್ನ ಕೈ ಏನೇನು ಮಾಡುತ್ತದೆ, ಒಂದೊಂದಾಗಿ ಹೇಳಪ್ಪ” ಎಂದೆ.

ಹೀಗೆ ಕೇಳಿದಾಗ ಒಂದು ವಿಚಿತ್ರ ಕಾಣುತ್ತದೆ. ಮನುಷ್ಯನು ದಿನ, ಹೊತ್ತು, ಲೆಕ್ಕ ಹೇಳಿ ದೂರಿದರೆ ಅಲ್ಲಿ ಸರಿಪಡಿಸಬಹುದಾದ ಸಂಗತಿ ಇದೆ. ‘ಅವನ ಬುದ್ಧಿಯೇ ಅಷ್ಟು’ ಎಂದರೆ ಗಾಯ ಬೇರೆ ಕಡೆ ಇದೆ, ಅದನ್ನು ಇನ್ನೂ ತೋರಿಸಿಲ್ಲ. ಕಾರ್ಯದರ್ಶಿ ಲೆಕ್ಕ ಹೇಳಿದ: ಸಂಘದಲ್ಲಿ ನೋಡಿದ ಕೊಬ್ಬಿಗೂ ಶೀತಲ ಕೇಂದ್ರದಲ್ಲಿ ನಮ್ಮ ಕ್ಯಾನುಗಳಲ್ಲಿ ಕಂಡ ಕೊಬ್ಬಿಗೂ ವ್ಯತ್ಯಾಸ ಬರುತ್ತಿದೆ. ನಾವು ೪.೧ ಎಂದು ಜನಕ್ಕೆ ದುಡ್ಡು ಕೊಡುತ್ತೇವೆ, ಅಲ್ಲಿ ೩.೯ ಎಂದು ನಮಗೆ ಕೊಡುತ್ತಾರೆ. ಒಂದು ಹೊತ್ತಿಗೆ ಇನ್ನೂರು ಲೀಟರು ಹಾಲೆಂದರೆ ಸುಮಾರು ನಾನೂರು ಗ್ರಾಂ ಕೊಬ್ಬಿನ ಬೆಲೆ ಸಂಘಕ್ಕೆ ಖೋತಾ. ದಿನಕ್ಕೆ ಎರಡು ಹೊತ್ತು. ವರ್ಷದ ಕೊನೆಗೆ ಬೋನಸ್ಸಿಲ್ಲ. ಪರೀಕ್ಷಕ ಲೆಕ್ಕ ಹೇಳಲಿಲ್ಲ. ಮೂರು ಸಲ ಮಾತು ಎತ್ತಿದರೂ ಮೂರು ಸಲವೂ ಒಂದೇ ಜಾಗಕ್ಕೆ ಬಂದು ನಿಂತ: “ತುಂಬಿದ ಸಭೇಲಿ ಅಂದ್ನಲ್ಲ ಮೇಷ್ಟ್ರೇ.”

ಅಂದದ್ದು ಇಷ್ಟು. ೧೯೮೮ರ ಸಭೆಯಲ್ಲಿ ಬೋನಸ್ಸು ಏಕಿಲ್ಲವೆಂದು ಜನ ಗದ್ದಲ ಮಾಡಿದಾಗ ಕಾರ್ಯದರ್ಶಿ ಎದ್ದು, “ಕೊಬ್ಬು ನೋಡೋ ಕೈ ಯಾವುದೋ ಅದನ್ನ ಕೇಳಿ. ಯಾರ ಹಾಲಿಗೆ ಎಷ್ಟು ಅಂತ ಬರೀತದೋ, ಯಾಕೆ ಬರೀತದೋ” ಎಂದಿದ್ದ. ಪರೀಕ್ಷಕ ತನ್ನ ನೆಂಟರಿಷ್ಟರ ಹಾಲಿಗೆ ಹೆಚ್ಚು ಕೊಬ್ಬು ಬರೆಯುತ್ತಾನೆ ಎಂಬ ಅರ್ಥ ಎಲ್ಲರಿಗೂ ಆಯಿತು. ಆ ಸಭೆಯಲ್ಲಿ ನಾನೂ ಇದ್ದೆ. ಆ ಹುಡುಗ ಹಾಗೆ ಮಾಡುವವನಲ್ಲವೆಂದು ನನಗೆ ತಿಳಿದಿತ್ತು. ಸಭೆ ಬೇಗ ಮುಗಿಯಲೆಂದು ಸುಮ್ಮನೆ ಕೂತಿದ್ದೆ.

ಮುಂದಿನ ಕೆಲಸ ಹಾಲಿನದು. ಒಂದು ಸಂಜೆ ಇಬ್ಬರಿಗೂ ಹೇಳಿ ನಾನು ಡೈರಿಯಲ್ಲಿ ಕೂತು ಹಾಲಿನ ಜೊತೆ ನಡೆದೆ. ಹಾಲು ಕರೆದು ಮನೆಯಲ್ಲಿ ಅರ್ಧ ಗಂಟೆ ಇಟ್ಟು ತರುವವರೇ ಹೆಚ್ಚು. ನಿಂತ ಹಾಲಿನಲ್ಲಿ ಕೆನೆ ಮೇಲಕ್ಕೇರಲು ತೊಡಗುತ್ತದೆ. ಗೃಹಿಣಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜಗಳಕ್ಕೆ ಮುಂಚೆ ಪರೀಕ್ಷಕ ಮಾದರಿಯನ್ನು ತೆಗೆಯುತ್ತಿದ್ದದ್ದು ಒಳಗೆ, ಮೇಜಿನ ಬಳಿ, ಚೆಂಬಿನ ಹಾಲನ್ನು ಅಳತೆಪಾತ್ರೆಗೆ ಸುರಿದಮೇಲೆ. ಸುರಿಯುವಾಗ ಹಾಲು ತಾನೇ ಕಲಕಿಕೊಂಡು ಸಮವಾಗುತ್ತದೆ. ಜಗಳವಾದಮೇಲೆ ಅವನು ಮೇಜಿನ ಬಳಿ ಹೋಗುವುದನ್ನೇ ಬಿಟ್ಟ. ಬಾಗಿಲಲ್ಲಿಯೇ ಜನರ ಚೆಂಬಿನ ಮೇಲ್ಭಾಗದಿಂದ ಸೌಟಿನಲ್ಲಿ ಎತ್ತಿಕೊಳ್ಳತೊಡಗಿದ. ಅಂದರೆ ಕೆನೆಯನ್ನು ಎತ್ತಿಕೊಳ್ಳತೊಡಗಿದ.

ಆಗ ಅಲ್ಲಿದ್ದದ್ದು ಹಳೆಯ ಗರ್ಬರ್ ಪದ್ಧತಿ: ಗಾಜಿನ ಕೊಳವೆಯಲ್ಲಿ ಹತ್ತು ಮಿಲಿಲೀಟರು ಗಂಧಕಾಮ್ಲ, ಅದರ ಮೇಲೆ ೧೦.೭೫ ಮಿಲಿಲೀಟರು ಹಾಲು, ಒಂದು ಮಿಲಿಲೀಟರು ಅಮೈಲ್ ಆಲ್ಕೋಹಾಲು. ಬಿರಡೆ ಹಾಕಿ ಯಂತ್ರದಲ್ಲಿ ತಿರುಗಿಸಿದರೆ ಕೊಬ್ಬು ಬೇರೆಯಾಗಿ ಕೊಳವೆಯ ಕತ್ತಿನ ಗೆರೆಗಳ ನಡುವೆ ನಿಲ್ಲುತ್ತದೆ. ನಾನು ಒಂದೇ ಚೆಂಬಿನಿಂದ ಎರಡು ಸಲ ತೆಗೆಸಿದೆ. ಒಮ್ಮೆ ಬಾಗಿಲಲ್ಲಿ ಮೇಲಿನಿಂದ, ಒಮ್ಮೆ ಅಳತೆಪಾತ್ರೆಗೆ ಸುರಿದಮೇಲೆ. ಮೊದಲನೆಯದು ೪.೬, ಎರಡನೆಯದು ೪.೧. ಪರೀಕ್ಷಕ ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನ ಕೈ ಶುದ್ಧ, ಅವನ ಕೊಳವೆ ಶುದ್ಧ. ಮಾದರಿ ತೆಗೆದ ಜಾಗ ತಪ್ಪು. ಕಾರ್ಯದರ್ಶಿಯ ಕಡೆಯೂ ಇಂಥದೇ ಒಂದು ಸೋರಿಕೆ ಇತ್ತು. ಅಳತೆಯಲ್ಲಿ ಗೆರೆ ಮುಟ್ಟದ ಹಾಲನ್ನು ಮುಟ್ಟಿತೆಂದೇ ಬರೆಯುತ್ತಿದ್ದ, ಜನ ಒಳ್ಳೆಯವನೆನ್ನಲಿ ಎಂದು.

ಹಳೆಯ ಪುಸ್ತಕಗಳನ್ನು ತೆಗೆಸಿ ನೋಡಿದೆವು. ಜಗಳಕ್ಕೆ ಮುಂಚೆಯೂ ಶೀತಲ ಕೇಂದ್ರದ ಲೆಕ್ಕಕ್ಕೂ ನಮ್ಮದಕ್ಕೂ ವ್ಯತ್ಯಾಸವಿತ್ತು, ಆದರೆ ಸೊನ್ನೆ ಬಿಂದು ಒಂದರಷ್ಟು. ಲಾರಿ ತಡವಾಗಿ ಕ್ಯಾನು ರಸ್ತೆಯಂಚಿನಲ್ಲಿ ಗಂಟೆಗಟ್ಟಲೆ ನಿಂತರೆ ಕೆನೆ ಕ್ಯಾನಿನ ಕತ್ತಿಗೂ ಮುಚ್ಚಳಕ್ಕೂ ಅಂಟಿಕೊಳ್ಳುತ್ತದೆ. ಅಲ್ಲಿ ಮಾದರಿ ತೆಗೆಯುವವನು ಚೆನ್ನಾಗಿ ಕಲಕದಿದ್ದರೆ ಅಷ್ಟು ಕಡಿಮೆ ಕಾಣುತ್ತದೆ. ಅದು ಯಾರ ಕಳ್ಳತನವೂ ಅಲ್ಲ. ಆ ಸಣ್ಣ ವ್ಯತ್ಯಾಸಕ್ಕೆ ಒಬ್ಬ ಮನುಷ್ಯನನ್ನು ಹೊಣೆ ಮಾಡಿದ ದಿನದಿಂದ ವ್ಯತ್ಯಾಸ ಎರಡರಷ್ಟಾಯಿತು. ಇಬ್ಬರೂ ಮಾತು ಬಿಟ್ಟದ್ದರಿಂದ ಮಾದರಿ ಬಾಗಿಲಿಗೆ ಹೋಯಿತು, ಬಾಗಿಲಿಗೆ ಹೋದದ್ದರಿಂದ ಕೊಬ್ಬು ಹೆಚ್ಚು ಕಂಡಿತು, ಹೆಚ್ಚು ಕಂಡದ್ದರಿಂದ ಸಂಘಕ್ಕೆ ನಷ್ಟವಾಯಿತು, ನಷ್ಟ ಕಂಡು ಕಾರ್ಯದರ್ಶಿ ‘ನಾನು ಹೇಳಲಿಲ್ಲವೆ’ ಎಂದ. ಜಗಳ ತನ್ನ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಂಡು ಮೂರು ವರ್ಷ ಬೆಳೆದಿತ್ತು. ಹಳೆಯ ಜಗಳಗಳು ತಾವಾಗಿ ಸಾಯುವುದಿಲ್ಲವೇಕೆ ಎಂಬುದು ಆ ಸಂಜೆ ಆ ಎರಡು ಕೊಳವೆಗಳಲ್ಲಿ ನನಗೆ ಕಂಡಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ತಾವು ದೂರವಾದದ್ದರಿಂದಲೇ ಹುಟ್ಟಿದ ಸತ್ಯವನ್ನು ಹೇಳುತ್ತಿದ್ದರು.

ಇಷ್ಟಾದಮೇಲೆ ಕರಾರು ಬರೆಯುವುದು ಕಷ್ಟವಾಗಲಿಲ್ಲ. ಮಾದರಿ ತೆಗೆಯುವುದು ಅಳತೆಪಾತ್ರೆಗೆ ಸುರಿದು ಕಲಕಿದಮೇಲೆಯೇ. ಲೀಟರನ್ನು ಕಾರ್ಯದರ್ಶಿ ಗೆರೆ ನೋಡಿ ಗಟ್ಟಿಯಾಗಿ ಹೇಳಬೇಕು, ಮಾದರಿ ಸೀಸೆಯ ಸಂಖ್ಯೆಯನ್ನು ಪರೀಕ್ಷಕ ಗಟ್ಟಿಯಾಗಿ ಹೇಳಬೇಕು. ಒಬ್ಬ ಹೇಳಿದ ಅಂಕಿಯನ್ನು ಇನ್ನೊಬ್ಬ ತಿರುಗಿ ಹೇಳಿದಮೇಲೆಯೇ ಬರೆಯಬೇಕು. ಕೊಳವೆಗಳನ್ನು ನೋಡಿ ಮುಗಿದಾಗ ಕೊಬ್ಬಿನ ಅಂಕಿಗೂ ಹೀಗೆಯೇ. ಚೀಟಿ ನಿಂತಿತು. ಈ ಅಂಕಿಗಳ ಹೊರತು ಒಂದು ಮಾತನ್ನೂ ಆಡಬೇಕಾಗಿಲ್ಲ, ನಮಸ್ಕಾರವೂ ಬೇಡ, ಮುಖ ನೋಡುವುದೂ ಬೇಡ ಎಂದೆ. ಅದನ್ನು ಕೇಳಿದಾಗ ಇಬ್ಬರ ಭುಜಗಳೂ ಸ್ವಲ್ಪ ಇಳಿದದ್ದನ್ನು ಕಂಡೆ. ಸ್ನೇಹವನ್ನು ಕೇಳುವುದಿಲ್ಲವೆಂದು ಖಚಿತವಾದಮೇಲೆ ಅವರಿಗೆ ಕೆಲಸಕ್ಕೆ ಒಪ್ಪುವುದು ಹಗುರವಾಯಿತು. ದೂರಿದ್ದರೆ ಅದೇ ದಿನ ನನ್ನ ಬಳಿ ಬರಬೇಕು, ಬೀದಿಗೆ ಹೋಗಬಾರದು. ಬಟವಾಡೆಗೊಮ್ಮೆ, ಅಂದರೆ ಹದಿನೈದು ದಿನಕ್ಕೊಮ್ಮೆ, ಮೂವರೂ ಕೂತು ವ್ಯತ್ಯಾಸದ ಲೆಕ್ಕ ನೋಡುವುದು. ಹಳೇಬೀಡಿನ ಕಲ್ಲನ್ನು ನೆನೆದು ಇನ್ನೊಂದು ಸೇರಿಸಿದೆ: ಒಬ್ಬೊಬ್ಬನೂ ತನ್ನ ಕಡೆಯವರಲ್ಲಿ ಯಾರ ಬೈಗುಳಕ್ಕೆ ತಲೆ ತಗ್ಗಿಸುವನೋ ಅವರನ್ನು ಹೊಣೆಗೆ ತರಬೇಕು. ಕಾರ್ಯದರ್ಶಿ ತನ್ನ ಅಣ್ಣನನ್ನು ತಂದ. ಪರೀಕ್ಷಕ ತನ್ನ ಅತ್ತಿಗೆಯನ್ನು ಕರೆದುಕೊಂಡು ಬಂದ. ಅವನನ್ನು ಸಾಕಿದವಳು ಆಕೆ.

ಆ ಅತ್ತಿಗೆಯೇ ನನ್ನನ್ನು ಸಿಕ್ಕಿಸಿದವಳು. ಎಲ್ಲವನ್ನೂ ಕೇಳಿ, ಸೆರಗು ಸರಿಮಾಡಿಕೊಂಡು, “ಎಲ್ಲ ಸರಿ ಮೇಷ್ಟ್ರೇ. ಸಭೇಲಿ ಕಳ್ಳ ಅಂದದ್ದು ಎಲ್ಲಿಗೆ ಹೋಯ್ತು?” ಎಂದಳು.

ಇಲ್ಲಿ ನಾನು ಎರಡು ದಿನ ಯೋಚಿಸಿದೆ. ಕೆಲಸ ನಡೆಯುವುದಾದರೆ ಹಳೆಯ ಮಾತನ್ನು ಕೆದಕುವುದೇಕೆ ಎಂಬುದು ಒಂದು ದಾರಿ. ಅಧ್ಯಕ್ಷರಿಗೆ ಬೇಕಾಗಿದ್ದದ್ದು ಅದೇ. ಮಧ್ಯಸ್ಥನು ಇಬ್ಬರಿಗೂ ಸಮನಾಗಿರಬೇಕು, ಒಬ್ಬನದು ತಪ್ಪೆಂದರೆ ಪಕ್ಷಪಾತವಾದೀತು ಎಂಬ ಅಂಜಿಕೆಯೂ ಇತ್ತು. ಆದರೆ ಇಬ್ಬರ ತಪ್ಪುಗಳೂ ಒಂದೇ ತೂಕದವಲ್ಲ. ಬಾಗಿಲಲ್ಲಿ ಹಲಗೆ ಹಾಕಿಕೊಂಡದ್ದು ಹಟ. ಸಭೆಯಲ್ಲಿ ಕಳ್ಳನೆಂಬ ಅರ್ಥ ಬರುವಂತೆ ಆಡಿದ್ದು ಅನ್ಯಾಯ. ಎರಡನ್ನೂ ‘ಆದದ್ದು ಆಯಿತು’ ಎಂದು ಒಂದೇ ಗಂಟಿನಲ್ಲಿ ಕಟ್ಟಿದರೆ, ಸಮವಾಗಿ ಕಾಣುವ ಆ ಗಂಟಿನ ಭಾರವೆಲ್ಲ ಒಬ್ಬನ ತಲೆಯ ಮೇಲೆಯೇ ಇರುತ್ತದೆ. ಕ್ಷಮಿಸು ಎಂದು ಅವನನ್ನು ಕೇಳುವ ಹಕ್ಕು ನನಗಿಲ್ಲ. ಕ್ಷಮೆ ಅವನದು, ಕೊಟ್ಟರೆ ಕೊಟ್ಟ. ಆದರೆ ಸುಳ್ಳನ್ನು ಸುಳ್ಳೆಂದು ಹೇಳಿಸುವುದು ಕ್ಷಮೆಯ ವಿಷಯವಲ್ಲ, ಲೆಕ್ಕ ತಿದ್ದುವ ವಿಷಯ. ಸಭೆಯಲ್ಲಿ ಬರೆದ ತಪ್ಪು ಲೆಕ್ಕವನ್ನು ಸಭೆಯಲ್ಲಿಯೇ ತಿದ್ದಬೇಕು. ಮನೆಯೊಳಗೆ ಕರೆದು ಹೇಳಿದರೆ ತಿದ್ದಿದಂತಾಗುವುದಿಲ್ಲ.

ಕಾರ್ಯದರ್ಶಿ ಬಹಳ ಕಷ್ಟದಿಂದ ಒಪ್ಪಿದ. ೧೯೯೧ರ ಸಭೆ ಬಂತು. ಅವನು ಎದ್ದು ನಿಂತು, “ನಾನು ಯಾರಿಗಾದರೂ ನೋವಾಗೋ ಹಾಗೆ ಏನಾದರೂ ಅಂದಿದ್ದರೆ…” ಎಂದು ಶುರುಮಾಡಿದ. ಪರೀಕ್ಷಕ ಎದ್ದು ಬಾಗಿಲ ಕಡೆ ನಡೆದ. ಅವನು ಎದ್ದದ್ದು ಸರಿಯೆಂದೇ ನಾನು ಈಗಲೂ ಹೇಳುತ್ತೇನೆ. ‘ಅಂದಿದ್ದರೆ’ ಎಂಬ ಮಾತು ತಪ್ಪೊಪ್ಪಿಗೆಯಲ್ಲ. ನಿನಗೆ ನೋವಾದದ್ದು ನಿನ್ನ ಕಿವಿಯ ತಪ್ಪು ಎಂದು ಸಭ್ಯವಾಗಿ ಹೇಳುವ ಬಗೆ. ಸಭೆ ಸುಮ್ಮನಾಯಿತು. ನನ್ನ ಕರಾರು ನನ್ನ ಕಣ್ಣೆದುರೇ ಮುಳುಗುತ್ತಿತ್ತು.

ಆಗ ನಾನು ಎದ್ದೆ. ಧೈರ್ಯದಿಂದ ಎದ್ದೆನೆನ್ನಲಾರೆ, ಕೂತಿರಲು ಆಗದೆ ಎದ್ದೆ. ಅವನು ಅಂದ ದಿನ ನಾನೂ ಇಲ್ಲಿದ್ದೆ, ಇದೇ ಜಾಗದಲ್ಲಿ ಕೂತಿದ್ದೆ, ಅದು ಸುಳ್ಳೆಂದು ತಿಳಿದೂ ಬಾಯಿ ಬಿಡಲಿಲ್ಲ, ಮೂರು ವರ್ಷದಲ್ಲಿ ಒಂದು ದಿನವೂ ಬಿಡಲಿಲ್ಲ ಎಂದೆ. ಎರಡು ಕೊಳವೆಗಳ ಸಂಗತಿಯನ್ನೂ ರಸ್ತೆಯಂಚಿನ ಕ್ಯಾನಿನ ಸಂಗತಿಯನ್ನೂ ಹೇಳಿದೆ. ಹಿಂದಿನ ಸಾಲಿನಲ್ಲಿ ಒಬ್ಬರು, ಆಮೇಲೆ ಇನ್ನೊಬ್ಬರು, ತಾವೂ ಕೇಳಿದ್ದೆವೆಂದರು. ಕಾರ್ಯದರ್ಶಿ ನಿಂತೇ ಇದ್ದ. ಅವನೊಬ್ಬನ ತಪ್ಪಾಗಿದ್ದದ್ದು ಸಭೆಯ ತಪ್ಪಾಗಿ ಹಂಚಿಹೋದದ್ದರಿಂದಲೋ ಏನೋ, ಅವನ ದನಿ ಸಡಿಲವಾಯಿತು. ಈ ಸಲ ‘ದ್ದರೆ’ ಇರಲಿಲ್ಲ. ಏನು ಅಂದಿದ್ದನೋ ಅದನ್ನು ಅಂದಹಾಗೆಯೇ ಹೇಳಿ, “ಅದು ಸುಳ್ಳು. ಬೋನಸ್ಸಿಲ್ಲ ಅಂತ ಜನ ನನ್ನ ಮೇಲೆ ಬೀಳ್ತಾರೆ ಅಂತ ಹೆದರಿ ಅಂದೆ” ಎಂದ. ಪರೀಕ್ಷಕ ಬಾಗಿಲಲ್ಲಿ ನಿಂತು ಕೇಳಿದ. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ.

ವ್ಯತ್ಯಾಸ ಎರಡು ಬಟವಾಡೆಗಳಲ್ಲಿ ಹಳೆಯ ಸೊನ್ನೆ ಬಿಂದು ಒಂದಕ್ಕೆ ಇಳಿಯಿತು; ಅಲ್ಲಿಂದ ಕೆಳಗೆ ಇಳಿಸುವುದು ಲಾರಿಯವನ ಕೈಲಿತ್ತು, ನಮ್ಮ ಕೈಲಿರಲಿಲ್ಲ. ಅಜ್ಜಿಯ ಗೌರಿಯ ಹಾಲು ಮತ್ತೆ ಗಟ್ಟಿಯಾಯಿತು. ನಡುವೆ ಎರಡು ಸಲ ಕರಾರು ಅಲುಗಾಡಿತು. ಒಮ್ಮೆ ಕಾರ್ಯದರ್ಶಿ ಅಂಕಿಯನ್ನು ತಿರುಗಿ ಹೇಳದೆ ಬರೆದ. ಅವನ ಅಣ್ಣ ಬಂದು ಬೈದು ಹೋದ, ನನ್ನವರೆಗೆ ಬರಲಿಲ್ಲ. ಇನ್ನೊಮ್ಮೆ ಪರೀಕ್ಷಕ ಮೂರು ದಿನ ಕೆಲಸಕ್ಕೆ ಬರಲಿಲ್ಲ, ಅತ್ತಿಗೆ ಕಳಿಸಿದಳು.

ಸ್ನೇಹ ಆಯಿತೆ ಎಂದು ಕೇಳುವವರುಂಟು. ಆಗಲಿಲ್ಲ. ನಾಲ್ಕು ವರ್ಷದ ಮೇಲೆ ಕಾರ್ಯದರ್ಶಿಯ ತಾಯಿ ತೀರಿಕೊಂಡಾಗ ಪರೀಕ್ಷಕ ಬಂದ. ಅಂಗಳದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತು, ಕೈಮುಗಿದು, ಯಾರ ಜೊತೆಯೂ ಮಾತಾಡದೆ ಹೋದ. ತಿಥಿಯ ಊಟಕ್ಕೆ ಬರಲಿಲ್ಲ. ಕರೆಯಲು ಹೋಗೋಣವೆ ಎಂದು ಅಧ್ಯಕ್ಷರು ನನ್ನನ್ನು ಕೇಳಿದರು, ಬೇಡವೆಂದೆ.

ಈಗ ಇಬ್ಬರೂ ಆ ಕೆಲಸದಲ್ಲಿಲ್ಲ. ಆಮ್ಲದ ಕೊಳವೆಗಳೂ ಇಲ್ಲ. ಯಂತ್ರವೇ ಅಳೆದು, ನೋಡಿ, ಚೀಟಿ ಮುದ್ರಿಸಿ ಕೊಡುತ್ತದೆ. ನನಗೆ ನೆನಪಾಗುವುದು ಆ ವರ್ಷಗಳ ಸಂಜೆಗಳು. ಶಾಲೆಯ ಜಗಲಿಯಲ್ಲಿ ಕೂತರೆ ಡೈರಿಯ ದನಿ ಕೇಳಿಸುತ್ತಿತ್ತು. “ಮೂರೂಕಾಲು” ಎಂದು ಒಂದು ದನಿ. “ಮೂರೂಕಾಲು” ಎಂದು ಇನ್ನೊಂದು. “ಸೀಸೆ ಹದಿನೇಳು.” “ಹದಿನೇಳು.” ದೂರದಿಂದ ಕೇಳಿದವರಿಗೆ ಇಬ್ಬರು ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದಾರೆ ಎನ್ನಿಸಬೇಕು, ಹಾಗೆ ಕತ್ತಲಾಗುವ ತನಕ.